ಟ್ಯೂಬು ತಿರುಗಿಸಿ ಓದಿ: ಪೇಸ್ಟು, ಬ್ರಶ್ಶು, ಮೌತ್‌ವಾಶ್ ಆರಿಸುವ ಬಗೆ

ನನ್ನದು ತುಮಕೂರಿನಲ್ಲಿ ಒಂದು ಸಣ್ಣ ಮೆಡಿಕಲ್ ಸ್ಟೋರ್. ಹೋದ ತಿಂಗಳು ಪಾವಗಡ ಕಡೆಯ ಒಬ್ಬ ತಾಯಿ ಎರಡು ಟ್ಯೂಬ್ ಹಿಡಿದುಕೊಂಡು ಕೌಂಟರಿಗೆ ಬಂದರು. ಜೊತೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹನ್ನೆರಡು, ಚಿಕ್ಕವಳಿಗೆ ನಾಲ್ಕು. ಒಂದು ಟ್ಯೂಬು ಅವರ ತಮ್ಮ ಅಮೆರಿಕದಿಂದ ತಂದದ್ದು, ಇನ್ನೊಂದು ಇಲ್ಲೇ ಕೊಂಡದ್ದು.

"ಅಣ್ಣಾ, ಅಮೆರಿಕದ್ದರಲ್ಲಿ 0.24 ಅಂತಿದೆ. ನಮ್ಮದರಲ್ಲಿ 0.76 ಅಂತಿದೆ. ಅಂದ್ರೆ ಮೂರು ಪಟ್ಟು ಜಾಸ್ತಿ ಅಲ್ವಾ? ನಮ್ಮೂರ ನೀರಲ್ಲೇ ಫ್ಲೋರೈಡ್ ತುಂಬೈತೆ. ಇದನ್ನ ಮಗೂಗೆ ಹೆಂಗೆ ಕೊಡೋದು?"

ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಲೆಕ್ಕ ತಲೆಕೆಳಗಾಗಿತ್ತು. ಆ ಎರಡರಲ್ಲಿ ಅಮೆರಿಕದ ಟ್ಯೂಬಿನಲ್ಲೇ ಫ್ಲೋರೈಡ್ ಕೊಂಚ ಜಾಸ್ತಿ. ಲೇಬಲ್ ಬರೆಯುವ ರೀತಿ ಅಂಥದ್ದು, ಓದಿದವರೂ ಮೋಸ ಹೋಗುತ್ತಾರೆ. ಅವರಿಗೆ ಅವತ್ತು ಕೌಂಟರಿನ ಮೇಲೆ ರಸೀದಿಯ ಹಿಂದೆ ಬರೆದು ತೋರಿಸಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಶೇಕಡಾ ಬಿಡಿ, ಪಿಪಿಎಂ ಹುಡುಕಿ

ಪೇಸ್ಟಿಗೆ ಯಾರೂ ಬರೀ ಫ್ಲೋರೈಡ್ ಹಾಕುವುದಿಲ್ಲ. ಫ್ಲೋರೈಡ್ ಇರುವ ಒಂದು ಉಪ್ಪನ್ನು ಹಾಕುತ್ತಾರೆ. ಲೇಬಲ್ಲಿನ ಶೇಕಡಾ ಆ ಇಡೀ ಉಪ್ಪಿನ ತೂಕ, ಅದರೊಳಗಿನ ಫ್ಲೋರೈಡಿನದ್ದಲ್ಲ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಿಳಿ ಪೇಸ್ಟುಗಳಲ್ಲಿ ಇರುವುದು ಸೋಡಿಯಂ ಮಾನೋಫ್ಲೋರೋಫಾಸ್ಫೇಟ್. ಹೆಸರಿನ ಹಾಗೇ ಅದರ ಕಣವೂ ದೊಡ್ಡದು. ನೂರು ಗ್ರಾಂ ಉಪ್ಪಿನಲ್ಲಿ ಫ್ಲೋರೈಡ್ ಬರೀ 13 ಗ್ರಾಂ. ಸೋಡಿಯಂ ಫ್ಲೋರೈಡ್ ಹಗುರ. ಅದರ ನೂರು ಗ್ರಾಂನಲ್ಲಿ 45 ಗ್ರಾಂ ಫ್ಲೋರೈಡ್. ಹೀಗಾಗಿ ಎರಡರ ಶೇಕಡಾವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಅಕ್ಕಿ ಮೂಟೆಯನ್ನೂ ಭತ್ತದ ಮೂಟೆಯನ್ನೂ ಒಂದೇ ತೂಕಕ್ಕೆ ಹೋಲಿಸಿದ ಹಾಗೆ.

| ಲೇಬಲ್ಲಿನಲ್ಲಿ ಇರುವುದು | ನಿಜವಾದ ಫ್ಲೋರೈಡ್ ಸುಮಾರು |
|---|---|
| ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ 0.38% | 500 ಪಿಪಿಎಂ |
| ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ 0.76% | 1000 ಪಿಪಿಎಂ |
| ಸೋಡಿಯಂ ಫ್ಲೋರೈಡ್ 0.22% | 1000 ಪಿಪಿಎಂ |
| ಸೋಡಿಯಂ ಫ್ಲೋರೈಡ್ 0.24% | 1100 ಪಿಪಿಎಂ |
| ಸ್ಟ್ಯಾನಸ್ ಫ್ಲೋರೈಡ್ 0.454% | 1100 ಪಿಪಿಎಂ |
| ಸೋಡಿಯಂ ಫ್ಲೋರೈಡ್ 0.32% | 1450 ಪಿಪಿಎಂ |

ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ. ಮನೆ ಬಳಕೆಗೆ ಇಷ್ಟು ನೆನಪಿಟ್ಟುಕೊಂಡರೆ ಸಾಕು: 1000 ಪಿಪಿಎಂ ಪೇಸ್ಟಿನ ಒಂದು ಗ್ರಾಂನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ.

ನಮ್ಮ ದೇಶದ ನಿಯಮದ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವ ಹಾಗಿಲ್ಲ. ಎಷ್ಟಿದೆ ಅಂತ ಟ್ಯೂಬಿನ ಮೇಲೂ ಡಬ್ಬದ ಮೇಲೂ ಬರೆಯಬೇಕು, ಎಕ್ಸ್‌ಪೈರಿ ತಾರೀಕೂ ಇರಬೇಕು. ಬ್ರಿಟನ್ನಿನಲ್ಲಿ ದೊಡ್ಡವರಿಗೆ ಹೇಳುವುದು 1350ರಿಂದ 1500. ಅದಕ್ಕೇ ಲಂಡನ್ನಿನಿಂದ ಬಂದ ಅಕ್ಕ ತಂದ ಟ್ಯೂಬಿನಲ್ಲಿ 1450 ಅಂತ ಕಂಡರೆ ಗಾಬರಿಯಾಗಬೇಡಿ. ಉಗುಳಲು ಬರುವ ದೊಡ್ಡವರು ಧಾರಾಳವಾಗಿ ಬಳಸಬಹುದು.

ಹಲ್ಲು ಹುಳುಕಾಗದ ಹಾಗೆ ತಡೆಯುತ್ತದೆ ಅಂತ ಗಟ್ಟಿ ಸಾಕ್ಷಿ ಇರುವುದು ಹೆಚ್ಚುಕಮ್ಮಿ 1000ದಿಂದ ಮೇಲಕ್ಕೆ. 500 ಪಿಪಿಎಂ ಪೇಸ್ಟಿಗೆ ಅಷ್ಟು ಬಲವಾದ ಸಾಕ್ಷಿ ಇಲ್ಲ. ಆದರೆ 500 ಇರುವುದೇ ಕಾರ್ಟೂನ್ ಚಿತ್ರ ಹಾಕಿದ, ಸ್ಟ್ರಾಬೆರಿ ರುಚಿಯ ಮಕ್ಕಳ ಟ್ಯೂಬುಗಳಲ್ಲಿ. ಕೆಲವು ಮಕ್ಕಳ ಪೇಸ್ಟಿನಲ್ಲಿ ಫ್ಲೋರೈಡೇ ಇರುವುದಿಲ್ಲ. ಬೆಲೆ ಮಾತ್ರ ದೊಡ್ಡವರ ಪೇಸ್ಟಿಗಿಂತ ಜಾಸ್ತಿ. ಹತ್ತಿಪ್ಪತ್ತು ರೂಪಾಯಿಯ ಪುಟ್ಟ ಟ್ಯೂಬಿನಲ್ಲೂ 1000 ಪಿಪಿಎಂ ಇದ್ದರೆ ಹುಳುಕು ತಡೆಯುವ ಕೆಲಸಕ್ಕೆ ಅದೇ ಮೇಲು.

ಲೇಬಲ್ಲಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪೇಸ್ಟಿನ ಉಜ್ಜುವ ಪುಡಿ ಸೀಮೆಸುಣ್ಣದ ಜಾತಿಯದ್ದು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದರೆ, ಜೊತೆಗೆ ಮಾನೋಫ್ಲೋರೋಫಾಸ್ಫೇಟ್ ಇರಬೇಕು. ಸುಣ್ಣದ ಜೊತೆ ಸೋಡಿಯಂ ಫ್ಲೋರೈಡ್ ಹಾಕಿದರೆ ಎರಡೂ ಟ್ಯೂಬಿನೊಳಗೇ ಕಟ್ಟಿಕೊಂಡು ಬಿಡುತ್ತವೆ, ಹಲ್ಲಿಗೆ ಸಿಗುವುದು ಕಮ್ಮಿ. ಸೋಡಿಯಂ ಫ್ಲೋರೈಡ್ ಇರಬೇಕಾದ್ದು ಸಿಲಿಕಾ ಇರುವ ಪೇಸ್ಟಿನಲ್ಲಿ. ಜೆಲ್‌ಗಳು ಹೆಚ್ಚಾಗಿ ಅಂಥವೇ. ಸರಿಯಾದ ಜೋಡಿಯಲ್ಲೂ ಕಾಲ ಕಳೆದಂತೆ ಕೆಲಸಕ್ಕೆ ಬರುವ ಫ್ಲೋರೈಡ್ ಇಳಿಯುತ್ತಾ ಹೋಗುತ್ತದೆ. ಒಂದಕ್ಕೊಂದು ಫ್ರೀ ಅಂತ ವರ್ಷಕ್ಕಾಗುವಷ್ಟು ತುಂಬಿಕೊಳ್ಳುವ ಮುಂಚೆ ಎಕ್ಸ್‌ಪೈರಿ ನೋಡಿ.

ನೀರಲ್ಲೇ ಫ್ಲೋರೈಡ್ ಇರುವ ಊರಿನವರು

ಈಗ ಆ ತಾಯಿಯ ನಿಜವಾದ ಭಯಕ್ಕೆ ಬರೋಣ. ದೊಡ್ಡ ಮಗಳ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ ಇತ್ತು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಇಂಥ ಹಲ್ಲು ಹೊಸದಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್, ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುವಾಗಲೇ ಸೇರಿಕೊಂಡು ಆಗುವ ಕಲೆ ಅದು. ಅಪಾಯ ಇರುವುದು ಸುಮಾರು ಎಂಟು ವರ್ಷದವರೆಗೆ. ಮುಂದಿನ ಹಲ್ಲುಗಳಿಗೆ ಮೊದಲ ಮೂರು ವರ್ಷ ತುಂಬಾ ಮುಖ್ಯ. ಹಲ್ಲು ಹೊರಗೆ ಬಂದ ಮೇಲೆ ಆ ಕಲೆ ಹೊಸದಾಗಿ ಬರುವುದಿಲ್ಲ.

ಹಾಗಾದರೆ ಚಿಕ್ಕವಳಿಗೆ ಫ್ಲೋರೈಡ್ ಪೇಸ್ಟ್ ಬೇಡವೇ? ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಅಂತ ನಮ್ಮ ಮಾನದಂಡ ಹೇಳುತ್ತದೆ. ಬೋರ್‌ವೆಲ್ಲಿನಲ್ಲಿ 2 ಇದೆ ಅಂತ ಇಟ್ಟುಕೊಳ್ಳಿ. ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ ಹೊಟ್ಟೆಗೆ ಹೋಗುವುದು 2 ಮಿಲಿಗ್ರಾಂ.

ಇನ್ನು ಪೇಸ್ಟು. ಅಕ್ಕಿ ಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ ತೂಗುತ್ತದೆ. 1000 ಪಿಪಿಎಂ ಟ್ಯೂಬಾದರೆ ಅದರಲ್ಲಿ 0.1 ಮಿಲಿಗ್ರಾಂ ಫ್ಲೋರೈಡ್. ಎರಡು ಹೊತ್ತು ಉಜ್ಜಿ ಎರಡು ಸಲವೂ ಪೂರ್ತಿ ನುಂಗಿದರೂ 0.2 ಮಿಲಿಗ್ರಾಂ, ನೀರಿನಿಂದ ಬಂದದ್ದರ ಹತ್ತನೇ ಒಂದು ಪಾಲು. ಬಟಾಣಿ ಕಾಳಿನಷ್ಟಾದರೆ ಸುಮಾರು 0.25 ಗ್ರಾಂ. ಎರಡು ಹೊತ್ತೂ ಪೂರ್ತಿ ನುಂಗಿದರೆ 0.5 ಮಿಲಿಗ್ರಾಂ. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಶ್ಶಿನ ಉದ್ದಕ್ಕೂ ಅಲೆ ಅಲೆಯಾಗಿ ಹಾಕಿದರೆ ಒಂದು ಗ್ರಾಂ ದಾಟಬಹುದು. ಎರಡು ಹೊತ್ತೂ ಅದರಲ್ಲಿ ಅರ್ಧ ನುಂಗಿದರೂ ದಿನಕ್ಕೆ ಒಂದು ಮಿಲಿಗ್ರಾಂ ಆಯಿತು. ಅಂದರೆ ಆ ಬೋರ್‌ವೆಲ್ಲಿನ ಅರ್ಧ ಲೀಟರ್ ನೀರು ಹೆಚ್ಚಿಗೆ ಕುಡಿಸಿದ ಹಾಗೆ.

ಹಾಗಾಗಿ ಮೊದಲು ಸರಿಮಾಡಬೇಕಾದದ್ದು ನೀರು. ಆಮೇಲೆ ಪೇಸ್ಟಿನ ಅಳತೆ. ಪೇಸ್ಟಿನ ಮೇಲಿನ ಸಂಖ್ಯೆಯನ್ನು ಹೆದರಿ ಇಳಿಸುವುದು ಕೊನೆಗೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಸಿಕ್ಕುವುದಿಲ್ಲ. ಸರಿಯಾಗಿ ನಡೆಯುವ ಆರ್‌ಓ ತೆಗೆಯುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದರೆ ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ ಸಾರಿಗೂ ಅದನ್ನೇ ಹಾಕಿ. ಇದನ್ನು ತುಂಬಾ ಜನ ಮರೆಯುತ್ತಾರೆ.

ಮಕ್ಕಳ ಅಳತೆ ಹೀಗೆ: ಮೊದಲ ಹಲ್ಲು ಮೂಡಿದಾಗಿನಿಂದ ಮೂರು ತುಂಬುವವರೆಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಕಡೆ, ನಾಲ್ಕು ವರ್ಷದ ಮಗು ಇನ್ನೂ ಉಗುಳುವುದು ಕಲಿಯದಿದ್ದರೆ, ಅಕ್ಕಿ ಕಾಳಿನಲ್ಲೇ ನಿಲ್ಲಿಸಿ, ನೀರಿನ ಪರೀಕ್ಷೆಯ ಚೀಟಿ ಹಿಡಿದು ಒಮ್ಮೆ ದಂತವೈದ್ಯರಿಗೆ ತೋರಿಸಿ. ಟ್ಯೂಬು ಮಗುವಿನ ಕೈಗೆ ಕೊಡಬೇಡಿ, ದೊಡ್ಡವರೇ ಹಾಕಿ.

ಉಜ್ಜಿದ ಮೇಲೆ ಉಗುಳಿ, ಸಾಕು. ನಮ್ಮಲ್ಲಿ ಚೊಂಬು ತುಂಬ ನೀರು ತಗೊಂಡು, ಗಂಟಲವರೆಗೂ ಗಳಗಳ ಮುಕ್ಕಳಿಸಿ, ಬೀದಿಗೆಲ್ಲ ಕೇಳುವ ಹಾಗೆ ಕ್ಯಾಕರಿಸುವುದು ವಾಡಿಕೆ. ನಮ್ಮಪ್ಪ ಇವತ್ತಿಗೂ ಅದನ್ನು ಬಿಟ್ಟಿಲ್ಲ. ಹಾಗೆ ಮಾಡಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೆಲ್ಲ ಚರಂಡಿಗೆ ಹೋಗುತ್ತದೆ. ನೊರೆ ಪೂರ್ತಿ ಉಗುಳಿ, ತುಟಿ ಒರೆಸಿಕೊಂಡು ಸುಮ್ನೆ ಬನ್ನಿ. ಎರಡು ದಿನ ಬಾಯಿ ಅಂಟಂಟು ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಫ್ಲೋರೈಡ್ ಇಲ್ಲದ ಬೇವು, ಲವಂಗ, ಜಾಲಿ ತೊಗಟೆಯ ಪೇಸ್ಟುಗಳ ಬಗ್ಗೆ ದಿನಾ ಕೇಳುತ್ತಾರೆ. ಅದರಲ್ಲಿ ಉಜ್ಜಿದರೂ ಪಾಚಿ ಹೋಗುತ್ತದೆ, ಯಾಕಂದರೆ ಪಾಚಿ ತೆಗೆಯುವುದು ಬ್ರಶ್ಶು. ಬಾಯಿ ಘಮ ಅನ್ನುತ್ತದೆ. ಹುಳುಕು ತಡೆಯುತ್ತದೆ ಅನ್ನುವುದಕ್ಕೆ ಮಾತ್ರ ಫ್ಲೋರೈಡಿನ ಹಾಗೆ ದಶಕಗಳ ಪರೀಕ್ಷೆ ಬೆನ್ನಿಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು ಫ್ಲೋರೈಡ್ ಪೇಸ್ಟನ್ನೇ. ಸಿಹಿ ಜಾಸ್ತಿ ತಿನ್ನದ, ಹಲ್ಲು ಗಟ್ಟಿ ಇರುವವರು ಯಾವುದರಲ್ಲಿ ಉಜ್ಜಿದರೂ ನಡೆದೀತು. ಆದರೆ ವಸಡು ಕೆಳಗಿಳಿದು ಬೇರು ಕಾಣುವ ಅಜ್ಜ ಅಜ್ಜಿಯರಿಗೆ, ಮಾತ್ರೆಗಳಿಂದ ಬಾಯಿ ಒಣಗುವವರಿಗೆ, ಕ್ಲಿಪ್ ಹಾಕಿಸಿಕೊಂಡ ಹುಡುಗರಿಗೆ ಫ್ಲೋರೈಡ್ ಬಿಡಿಸುವುದು ಸರಿಯಲ್ಲ. ಬೇರಿಗೆ ಎನಾಮಲ್ಲಿನ ಹೊದಿಕೆ ಇಲ್ಲ, ಬೇಗ ಹುಳುಕು ಹಿಡಿಯುತ್ತದೆ.

ಬ್ರಶ್ಶು: ನನ್ನ ಎಡಗಡೆಯ ಕೋರೆಹಲ್ಲಿನ ಕಥೆ

ಔಷಧಿ ಅಂಗಡಿ ಇಟ್ಟುಕೊಂಡವನು ನಾನೇ ಇಪ್ಪತ್ತು ವರ್ಷ ಹಾರ್ಡ್ ಬ್ರಶ್ಶಿನಲ್ಲಿ ಉಜ್ಜಿದೆ. ಬಟ್ಟೆ ತೊಳೆಯುವ ಹಾಗೆ ಅತ್ತಿಂದಿತ್ತ ತಿಕ್ಕಿದರೇನೇ ಸಮಾಧಾನ. ಒಂದು ದಿನ ಮಡಕೆ ನೀರು ಕುಡಿದಾಗ ಎಡಗಡೆ ಮೇಲಿನ ಕೋರೆಹಲ್ಲು ಜುಮ್ಮೆಂದಿತು. ಹುಳುಕು ಅಂದುಕೊಂಡು ಹೋದೆ. ಡಾಕ್ಟರಮ್ಮ ಕೈಗೆ ಕನ್ನಡಿ ಕೊಟ್ಟು, ವಸಡಿನ ಅಂಚಿಗೆ ಮೊನೆ ಆನಿಸಿ ತೋರಿಸಿದರು. ಕೊಡಲಿ ಏಟು ಬಿದ್ದ ಮರದ ಹಾಗೆ ಅಡ್ಡಕ್ಕೆ ಒಂದು ಕಚ್ಚು. "ಬಲಗೈಲಿ ಉಜ್ತೀರಾ ಅಲ್ವಾ?" ಅಂತ ಕೇಳಿದರು. ಬಲಗೈಯವರು ಎಡಗಡೆಯ ಹಲ್ಲಿನ ಮೇಲೆ ಜಾಸ್ತಿ ಒತ್ತಡ ಹಾಕುತ್ತಾರಂತೆ, ಸವೆತವೂ ಅಲ್ಲೇ ಹೆಚ್ಚು ಕಾಣುತ್ತದಂತೆ. ಅವತ್ತಿನಿಂದ ಹಾರ್ಡ್ ಬ್ರಶ್ಶು ನಮ್ಮ ಅಂಗಡಿಯಲ್ಲಿ ಕೇಳಿದವರಿಗೆ ಮಾತ್ರ. ಅದೂ ಕೃತಕ ಹಲ್ಲಿನ ಸೆಟ್ ತೊಳೆಯೋಕೆ.

ಪಾಚಿ ಅನ್ನುವುದು ಮೆತ್ತಗಿನ ಪದರ. ಮೃದುವಾದ ಎಳೆ ಸವರಿದರೂ ಬರುತ್ತದೆ. ಅದು ಗಟ್ಟಿಯಾಗಿ ಗಾರೆಯಾದ ಮೇಲೆ ಹಾರ್ಡ್ ಬ್ರಶ್ಶಿಗೂ ಬರುವುದಿಲ್ಲ, ಡಾಕ್ಟರ ಹತ್ತಿರ ಕ್ಲೀನಿಂಗ್ ಮಾಡಿಸಬೇಕು. ನಡುವೆ ಗಟ್ಟಿ ಎಳೆಗೆ ಕೆಲಸವೇ ಇಲ್ಲ. ಹಾಗಾಗಿ ದಂತವೈದ್ಯರು ಸಾಮಾನ್ಯವಾಗಿ ಎಲ್ಲರಿಗೂ ಹೇಳುವುದು ಸಾಫ್ಟ್. ವಸಡಿನ ಆಪರೇಶನ್ ಆದವರಿಗೆ, ವಸಡು ತುಂಬಾ ಇಳಿದವರಿಗೆ ಎಕ್ಸ್‌ಟ್ರಾ ಸಾಫ್ಟ್. ಮೀಡಿಯಂ ಬೇಕೇ ಬೇಕು ಅನ್ನುವವರು ಕೈ ಹಗುರ ಇದ್ದರೆ ಬಳಸಲಿ, ನಾನಂತೂ ಕೊಡುವುದಿಲ್ಲ.

ಒಂದು ತೊಡಕಿದೆ. ಒಂದು ಕಂಪನಿಯ ಸಾಫ್ಟ್ ಇನ್ನೊಂದು ಕಂಪನಿಯ ಮೀಡಿಯಂನಷ್ಟು ಬಿರುಸಾಗಿರಬಹುದು. ಎಳೆ ಸಣ್ಣದಾದಷ್ಟೂ, ಉದ್ದವಾದಷ್ಟೂ ಬ್ರಶ್ಶು ಮೆತ್ತಗೆ. ಹೊಸ ಕಂಪನಿಯದ್ದು ತಗೊಳ್ಳುವಾಗ ಮೊದಲು ಒಂದೇ ಒಂದು ಕೊಂಡು ನೋಡಿ, ಆರರ ಪ್ಯಾಕ್ ಬೇಡ. ತಲೆ ಚಿಕ್ಕದಿರಲಿ, ಹಿಂದಿನ ದವಡೆ ಹಲ್ಲಿನ ಆಚೆ ಬದಿಗೂ ಕೆನ್ನೆಗೆ ತಾಕದೆ ಹೋಗಬೇಕು. ದೊಡ್ಡವರು ಮಕ್ಕಳ ಬ್ರಶ್ಶು ಬಳಸಿದರೂ ತಪ್ಪೇನಿಲ್ಲ. ಎಳೆಗಳ ತುದಿ ದುಂಡಗಿರಬೇಕು ಅಥವಾ ಸೂಜಿಯ ಹಾಗೆ ಸಣ್ಣಗಾಗಿರಬೇಕು. ಕತ್ತರಿಸಿ ಬಿಟ್ಟ ಮೊಂಡು ತುದಿ ವಸಡನ್ನು ಗೀರುತ್ತದೆ. ಅಡ್ಡಾದಿಡ್ಡಿ ಎಳೆ, ಮೂರು ಬಣ್ಣ, ಹಿಡಿಗೆ ರಬ್ಬರು ಇವೆಲ್ಲ ನಿಮ್ಮ ಇಷ್ಟ.

ಒತ್ತಡ ಜಾಸ್ತಿ ಆಗುತ್ತಿದೆಯೇ ಅಂತ ತಿಳಿಯಲು ಬ್ರಶ್ಶನ್ನೇ ನೋಡಿ. ಮೂರು ತಿಂಗಳು ಬಾಳಬೇಕಾದ ಬ್ರಶ್ಶು ಒಂದೇ ತಿಂಗಳಲ್ಲಿ ಒದ್ದೆ ಕೋಳಿಯ ಹಾಗೆ ಕೆದರಿಕೊಂಡಿದ್ದರೆ ನೀವು ಉಜ್ಜುತ್ತಿಲ್ಲ, ಕೆರೆಯುತ್ತಿದ್ದೀರಿ. ಉಗುರಿನಿಂದ ವಸಡಿನ ಅಂಚಿನಲ್ಲಿ ಮೆಲ್ಲಗೆ ಎಳೆದಾಗ ಎಲ್ಲಾದರೂ ಸಿಕ್ಕಿಕೊಂಡರೆ ಸವೆತ ಶುರುವಾಗಿರಬಹುದು. ಡಾಕ್ಟರಮ್ಮ ನನಗೆ ಹೇಳಿಕೊಟ್ಟದ್ದು ಹೀಗೆ: ಬ್ರಶ್ಶನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನ ಹಾಗೆ ಬೆರಳಲ್ಲಿ ಹಿಡಿಯಿರಿ. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಕಡೆ ಓರೆಯಾಗಿ ಕೂರಲಿ. ಇದ್ದಲ್ಲೇ ಸಣ್ಣಗೆ ಅಲುಗಿಸಿ, ಆಮೇಲೆ ಮುಂದಿನ ಎರಡು ಹಲ್ಲಿಗೆ ಹೋಗಿ. ಒಟ್ಟು ಎರಡು ನಿಮಿಷ.

ಬ್ಯಾಟರಿ ಬ್ರಶ್ಶು ಬೇಕೇ? 2014ರಲ್ಲಿ ಕಾಕ್ರೇನ್ ಸಂಸ್ಥೆ ಎಷ್ಟೋ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿತು. ಕೈ ಬ್ರಶ್ಶಿಗಿಂತ ಮೊದಲ ಮೂರು ತಿಂಗಳಲ್ಲಿ ಪಾಚಿ ಶೇಕಡಾ 11, ಅದಕ್ಕಿಂತ ಹೆಚ್ಚು ಕಾಲ ಬಳಸಿದಾಗ ಶೇಕಡಾ 21ರಷ್ಟು ಕಮ್ಮಿಯಾಯಿತು ಅಂತ ಕಂಡುಬಂತು. ಲಾಭ ನಿಜ, ಆದರೆ ಹೊಸ ಹೆಡ್ಡುಗಳ ಖರ್ಚೂ ನಿಜ. ಕೈ ನಡುಗುವವರಿಗೆ, ಕೀಲು ನೋವಿನವರಿಗೆ ತುಂಬಾ ಅನುಕೂಲ. ನನ್ನಂತೆ ಒತ್ತಿ ಉಜ್ಜುವವರು ಕೊಂಡರೆ, ಒತ್ತಡ ಜಾಸ್ತಿಯಾದಾಗ ದೀಪ ಹೊತ್ತುವ ಮಾದರಿಯನ್ನೇ ಕೊಳ್ಳಿ.

ಡಬ್ಬದ ಮುಂದೆ ಬರೆದದ್ದು

ದೊಡ್ಡ ಮಗಳ ಕಂದು ಪಟ್ಟೆಗೆ ಅಂತ ಆ ತಾಯಿ ಇದ್ದಿಲಿನ ಪೇಸ್ಟನ್ನೂ ಕೈಗೆ ತಗೊಂಡಿದ್ದರು. ನಾನು ವಾಪಸ್ ಇಡಿಸಿದೆ. ವ್ಯಾಪಾರ ಹೋಯ್ತು, ಹೋಗಲಿ.

ಹಲ್ಲಿನ ಕಲೆ ಎರಡು ಥರ. ಟೀ, ಕಾಫಿ, ಎಲೆಅಡಿಕೆ, ಬೀಡಿಯದ್ದು ಮೇಲೆ ಹತ್ತಿದ ಕಲೆ. ಫ್ಲೋರೈಡ್ ನೀರಿನದ್ದು ಎನಾಮಲ್ಲಿನ ಒಳಗೇ ಹುಟ್ಟಿದ ಕಲೆ. ವೈಟ್ನಿಂಗ್ ಪೇಸ್ಟುಗಳು ಹೆಚ್ಚಾಗಿ ಮಾಡುವುದು ಮೇಲಿನ ಕಲೆಯನ್ನು ಉಜ್ಜಿ ತೆಗೆಯುವುದಷ್ಟೇ. ಕೆಲವು ಪೇಸ್ಟುಗಳು ನೀಲಿ ಬಣ್ಣದ ತೆಳು ಪದರ ಬಿಟ್ಟು ಹಲ್ಲು ಬೆಳ್ಳಗೆ ಕಾಣುವ ಹಾಗೆ ಮಾಡುತ್ತವೆ. ಬಿಳಿ ಪಂಚೆಗೆ ನೀಲಿ ಅದ್ದುವ ಉಪಾಯವೇ ಅದು. ಒಳಗಿನ ಕಲೆಗೆ ಇದ್ಯಾವುದೂ ತಲುಪುವುದಿಲ್ಲ. ಅದಕ್ಕೆ ದಂತವೈದ್ಯರೇ ಮೇಲ್ಪದರ ತುಸು ಸವರಿ, ಬ್ಲೀಚ್ ಮಾಡಿ, ಬೇಕಾದರೆ ಹಲ್ಲಿನ ಬಣ್ಣದ ಲೇಪ ಹಚ್ಚಿ ಸರಿಮಾಡಬೇಕು.

ಇದ್ದಿಲಿನ ವಿಷಯ ಇನ್ನೂ ಕಷ್ಟ. ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ಒಂದು ಪರಿಶೀಲನೆ, ಇದ್ದಿಲು ಹಲ್ಲಿಗೆ ಒಳ್ಳೆಯದು ಅನ್ನುವುದಕ್ಕೂ ಸುರಕ್ಷಿತ ಅನ್ನುವುದಕ್ಕೂ ಸಾಕಷ್ಟು ಆಧಾರ ಇಲ್ಲ ಅಂದಿತು. ಬಿರುಸಾದ ಪುಡಿ ಎನಾಮಲ್ ಸವೆಸಿದರೆ ಕೆಳಗಿನ ಪದರ ಕಾಣುತ್ತದೆ. ಆ ಪದರದ ಬಣ್ಣವೇ ಹಳದಿ. ಅಂದರೆ ಬೆಳ್ಳಗಾಗಲಿ ಅಂತ ಉಜ್ಜಿ ಉಜ್ಜಿ ಹಳದಿ ಮಾಡಿಕೊಂಡ ಹಾಗೆ. ಪೇಸ್ಟು ಎಷ್ಟು ಬಿರುಸು ಅನ್ನುವುದಕ್ಕೆ ಆರ್‌ಡಿಎ ಅಂತ ಒಂದು ಅಳತೆ ಇದೆ, ಅಂತರರಾಷ್ಟ್ರೀಯ ಮಿತಿ 250. ಆದರೆ ಆ ಸಂಖ್ಯೆ ಡಬ್ಬದ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ನಾವು ಊಹೆ ಮಾಡಬೇಕು. ವೈಟ್ನಿಂಗ್, ಇದ್ದಿಲು, ಬೆರಳಿಗೆ ಮರಳು ಮರಳಾಗುವ ಕೆಂಪು ಹಲ್ಲುಪುಡಿ, ಇವು ದಿನಾ ಬಳಸುವ ವಸ್ತುಗಳಲ್ಲ. ಹಾರ್ಡ್ ಬ್ರಶ್ಶಿನ ಜೊತೆಗಂತೂ ಬೇಡವೇ ಬೇಡ.

ಹಲ್ಲುಪುಡಿಯ ಮಾತು ಬಂದಾಗ ಒಂದು ಹೇಳಿಬಿಡುತ್ತೇನೆ. ಹೊಗೆಸೊಪ್ಪು ಬೆರೆಸಿದ ಪುಡಿ, ಪೇಸ್ಟು 1992ರಲ್ಲೇ ನಿಷೇಧವಾಗಿದೆ. ಉಜ್ಜಿದ ಮೇಲೆ ತಲೆ ಹಗುರಾಗಿ ಹಾಯೆನಿಸುತ್ತದೆ, ಬಿಟ್ಟರೆ ಕಿರಿಕಿರಿ ಅನ್ನುವ ಪುಡಿ ಮನೆಯಲ್ಲಿದ್ದರೆ ಅದನ್ನು ಹೊರಗೆ ಹಾಕಿ.

ಕೆಲವು ಮಾತು ಬೇಗ ಮುಗಿಸಬಹುದು. ಟ್ಯೂಬಿನ ತಳದ ಬಣ್ಣದ ಚೌಕ ಹಸಿರಾದರೆ ಸಹಜ, ಕಪ್ಪಾದರೆ ಕೆಮಿಕಲ್ ಅನ್ನುವ ವಾಟ್ಸಾಪ್ ಸಂದೇಶ ಸುಳ್ಳು. ಟ್ಯೂಬು ಎಲ್ಲಿ ಕತ್ತರಿಸಬೇಕು ಅಂತ ಯಂತ್ರಕ್ಕೆ ತೋರಿಸುವ ಗುರುತು ಅದು. ಎಣ್ಣೆ ಮುಕ್ಕಳಿಸುವುದರ ಮೇಲೆ ಕೆಲವು ಚಿಕ್ಕ ಪರೀಕ್ಷೆಗಳು ನಡೆದಿವೆ, ಆದರೆ ಬ್ರಶ್ಶು ಪೇಸ್ಟಿನ ಬದಲು ಅದು ಸಾಕು ಅನ್ನುವಂಥ ಆಧಾರ ಯಾವುದರಲ್ಲೂ ಇಲ್ಲ. ಉಜ್ಜಿದ ಮೇಲೆ ಮಾಡುತ್ತೀರಾದರೆ ಮಾಡಿ, ಎಣ್ಣೆ ನುಂಗಬೇಡಿ. ಇದ್ದಿಲು ಸೇರಿಸಿದ ಕಪ್ಪು ಎಳೆಯ ಬ್ರಶ್ಶು ಹೆಚ್ಚು ಚೊಕ್ಕ ಅನ್ನುವುದನ್ನೂ ನಂಬಿ ದುಡ್ಡು ಕೊಡಬೇಡಿ.

ಡಬ್ಬದ ಮುಂದೆ ಬರೆದ ಮಾತುಗಳಲ್ಲಿ ಹುರುಳಿರುವುದೂ ಇದೆ. ಸೆನ್ಸಿಟಿವ್ ಪೇಸ್ಟು. ಹಿಂದೆ ತಿರುಗಿಸಿ ಪೊಟ್ಯಾಸಿಯಂ ನೈಟ್ರೇಟ್ 5% ಅಂತ ಇದೆಯೇ ನೋಡಿ. ಜುಮ್ಮೆನ್ನುವುದನ್ನು ಅದು ಕಮ್ಮಿ ಮಾಡುತ್ತದೆ, ಆದರೆ ಎರಡರಿಂದ ನಾಲ್ಕು ವಾರ ಬೇಕು. ಮೂರು ದಿನ ಉಜ್ಜಿ ಏನೂ ಆಗಲಿಲ್ಲ ಅಂತ ಟ್ಯೂಬು ವಾಪಸ್ ತರುವವರಿದ್ದಾರೆ. ಇಂಥ ಟ್ಯೂಬುಗಳಲ್ಲೂ ಫ್ಲೋರೈಡ್ ಎಷ್ಟು ಅಂತ ನೋಡಿಕೊಳ್ಳಿ, ಎಲ್ಲದರಲ್ಲೂ ಇರುವುದಿಲ್ಲ. ತಿಂಗಳಾದರೂ ನೋವು ಹೋಗದಿದ್ದರೆ, ಅಥವಾ ಒಂದೇ ಹಲ್ಲು ಬಿಸಿಗೆ ನೋಯುತ್ತಿದ್ದರೆ ಅದು ಪೇಸ್ಟಿನ ಕೆಲಸವಲ್ಲ. ಒಳಗೆ ನರಕ್ಕೆ ಏನೋ ಆಗಿರಬಹುದು.

ಮೌತ್‌ವಾಶ್: ಹೆಚ್ಚಿನವರಿಗೆ ಬೇಕಿಲ್ಲ

ಒಬ್ಬರು ಬ್ಯಾಂಕ್ ಉದ್ಯೋಗಿ, ಬೀಡಿ ಸಿಗರೇಟು ಏನೂ ಇಲ್ಲದವರು, ಒಂದು ದಿನ ಮುಖ ಮುಚ್ಚಿಕೊಂಡು ಬಂದರು. ಹಲ್ಲುಗಳ ಸಂದಿಯೆಲ್ಲ ಟೀ ಡಿಕಾಕ್ಷನ್ ಬಣ್ಣ. ಮನೆಯಲ್ಲಿ ಗುಟ್ಕಾ ಶುರುಮಾಡಿದ್ದೀರಾ ಅಂತ ಜಗಳವಂತೆ. ಕೇಳಿದರೆ, ವಸಡಿನ ಚಿಕಿತ್ಸೆಯಾದಾಗ ಎರಡು ವಾರಕ್ಕೆ ಬರೆದುಕೊಟ್ಟ ಗುಲಾಬಿ ಮೌತ್‌ವಾಶನ್ನು ಬಾಯಿ ಹಿತವಾಗಿತ್ತು ಅಂತ ನಾಲ್ಕು ತಿಂಗಳು ಮುಕ್ಕಳಿಸಿದ್ದರು.

ಅದು ಕ್ಲೋರ್‌ಹೆಕ್ಸಿಡಿನ್, ನಮ್ಮಲ್ಲಿ ಸಾಮಾನ್ಯವಾಗಿ 0.2%. ಪಾಚಿ ತಡೆಯುವುದರಲ್ಲಿ ಮೌತ್‌ವಾಶುಗಳಲ್ಲೇ ಗಟ್ಟಿಗ. ಬ್ರಶ್ಶು ಹಾಕಲಾಗದ ಹೊತ್ತಿನಲ್ಲಿ, ಆಪರೇಶನ್ ಆದ ಮೇಲೆ ಬೇಕೇ ಬೇಕು. ಆದರೆ ಕೆಲವು ವಾರ ದಾಟಿದರೆ ಹಲ್ಲಿಗೂ ನಾಲಿಗೆಗೂ ಕಂದು ಬಣ್ಣ ಹತ್ತುತ್ತದೆ, ನಾಲಿಗೆಯ ರುಚಿ ಕೆಡುತ್ತದೆ, ಗಾರೆ ಬೇಗ ಕಟ್ಟುತ್ತದೆ. ಬಣ್ಣ ಖಾಯಂ ಅಲ್ಲ, ಕ್ಲೀನಿಂಗ್ ಮಾಡಿಸಿದರೆ ಹೋಗುತ್ತದೆ. ಅವರದ್ದೂ ಹೋಯಿತು. ಇನ್ನೊಂದು ವಿಷಯ: ಪೇಸ್ಟಿನಲ್ಲಿರುವ ನೊರೆ ಬರಿಸುವ ವಸ್ತು ಇದರ ಬಲ ಕುಗ್ಗಿಸುತ್ತದೆ. ಉಜ್ಜಿ ಕಮ್ಮಿ ಅಂದರೂ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಬೇಕು. ಡಾಕ್ಟರು ಹೇಳಿದಷ್ಟು ದಿನ, ಅಷ್ಟೇ.

ಎರಡನೇ ಬಗೆ ಫ್ಲೋರೈಡ್ ಮೌತ್‌ವಾಶ್. ದಿನಾ ಬಳಸುವುದರಲ್ಲಿ ಸೋಡಿಯಂ ಫ್ಲೋರೈಡ್ 0.05% ಇರುತ್ತದೆ, ಅಂದರೆ ಸುಮಾರು 225 ಪಿಪಿಎಂ. ಪದೇ ಪದೇ ಹುಳುಕಾಗುವವರಿಗೆ, ಕ್ಲಿಪ್ ಇರುವವರಿಗೆ ಇದರಿಂದ ಪ್ರಯೋಜನ ಇದೆ. ಆರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ನುಂಗಿಬಿಡುತ್ತಾರೆ. ಬೆಳಿಗ್ಗೆ ಉಜ್ಜಿದ ಕೂಡಲೇ ಇದನ್ನು ಮುಕ್ಕಳಿಸಿದರೆ ಲಾಭದ ಬದಲು ನಷ್ಟ, ಯಾಕಂದರೆ ಹಲ್ಲಿನ ಮೇಲೆ ಕೂತ 1000 ಪಿಪಿಎಂ ತೊಳೆದು 225 ಹಚ್ಚಿದ ಹಾಗಾಯಿತು. ಮಧ್ಯಾಹ್ನ ಊಟವಾದ ಮೇಲೆ ಬಳಸಿ, ಆಮೇಲೆ ಅರ್ಧ ಗಂಟೆ ಏನೂ ತಿನ್ನಬೇಡಿ, ಕುಡಿಯಬೇಡಿ.

ಮೂರನೆಯದು ಸೂಪರ್‌ಮಾರ್ಕೆಟ್ಟಿನ ನೀಲಿ, ಹಸಿರು ಬಾಟಲಿ. 99.9% ಕೀಟಾಣು ಸಾಯುತ್ತವೆ ಅಂತ ಬರೆದಿರುತ್ತದೆ. ಪ್ರಯೋಗಾಲಯದಲ್ಲಿ ಸತ್ತಿರಬಹುದು. ಬಾಯಲ್ಲಿ ಅವು ಪಾಚಿಯ ಪದರದೊಳಗೆ ಗೂಡು ಕಟ್ಟಿಕೊಂಡು ಕೂತಿರುತ್ತವೆ, ಸತ್ತವುಗಳ ಜಾಗದಲ್ಲೂ ಕೆಲವೇ ಗಂಟೆಯಲ್ಲಿ ಹೊಸವು ಬೆಳೆಯುತ್ತವೆ. ಇವುಗಳಲ್ಲಿ ಸೆಟಿಲ್‌ಪಿರಿಡಿನಿಯಂ ಕ್ಲೋರೈಡ್ ಅಥವಾ ಪುದೀನಾ, ನೀಲಗಿರಿಯಂಥ ಎಣ್ಣೆಗಳಿದ್ದರೆ ಪಾಚಿ ಸ್ವಲ್ಪ ಕಮ್ಮಿಯಾಗುವುದು ನಿಜ, ಅದೂ ಉಜ್ಜಿದ್ದರ ಜೊತೆಗೆ. ಬಾಯಿ ವಾಸನೆಗೆ ಅಂತ ಕೊಳ್ಳುವವರು ಮೊದಲು ನಾಲಿಗೆಯ ಹಿಂಭಾಗ ಕೆರೆದು ನೋಡಿ. ವಸಡಲ್ಲಿ ರಕ್ತ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಬಾಟಲಿ ವಾಸನೆ ಮುಚ್ಚುತ್ತದೆಯೇ ಹೊರತು ಕಾರಣ ತೆಗೆಯುವುದಿಲ್ಲ.

ಆ ತಾಯಿ ಕೊನೆಗೆ ತಗೊಂಡದ್ದು 1000 ಪಿಪಿಎಂನ ಒಂದು ಮಾಮೂಲಿ ಟ್ಯೂಬು, ದೊಡ್ಡವರಿಗೆ ಮೂರು ಸಾಫ್ಟ್ ಬ್ರಶ್ಶು, ಚಿಕ್ಕವಳಿಗೆ ಪುಟ್ಟ ತಲೆಯದ್ದು ಒಂದು. ಅಮೆರಿಕದ ಟ್ಯೂಬನ್ನು ಬಿಸಾಡಬೇಡಿ, ನೀವು ಬಳಸಿ ಅಂದೆ. ಮೌತ್‌ವಾಶ್ ಬೇಡ ಅಂದೆ. ದೊಡ್ಡವಳ ಕಲೆಗೆ ಇಲ್ಲೇ ತುಮಕೂರಿನಲ್ಲಿ ದಂತವೈದ್ಯರಿಗೆ ತೋರಿಸಿ, ಬರುವಾಗ ಮನೆ ಬೋರ್‌ವೆಲ್ ನೀರಿನ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂತ ಹೇಳಿದೆ. ಹೋಗುವ ಮುಂಚೆ ಚಿಕ್ಕವಳ ಹೊಸ ಬ್ರಶ್ಶಿನ ಮೇಲೆ, ಉಗುಳುವುದು ಕಲಿಯುವವರೆಗಿನ ಅಳತೆ ತೋರಿಸೋಣ ಅಂತ ಅಕ್ಕಿ ಕಾಳಿನಷ್ಟು ಪೇಸ್ಟ್ ಹಾಕಿದೆ. ಅವಳು ಬ್ರಶ್ಶನ್ನು ಮೂಗಿನ ಹತ್ತಿರ ಹಿಡಿದು ನೋಡಿ, ನನ್ನ ಮುಖ ನೋಡಿ, "ಇಷ್ಟೇನಾ?" ಅಂದಳು.